ಹಾಗಲಕಾಯಿ ಹೋಳಿನೊಳಗೆ ಉಪ್ಪು: ನನ್ನ ಅನುಭವ

ತೀರ್ಥಹಳ್ಳಿ ಹತ್ತಿರದ ಒಂದು ಸಣ್ಣ ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುವುದು ನನ್ನ ಕೆಲಸ. ಐದರಿಂದ ಏಳನೇ ಕ್ಲಾಸಿನ ಮಕ್ಕಳು, 38 ಜನ. ಹಾಗಲಕಾಯಿ ಗೊಜ್ಜು ಮಾಡಿದ ದಿನ ನಮ್ಮ ಎಂಜಲು ಬಕೆಟ್ ಎಷ್ಟು ಭಾರ ಇರುತ್ತಿತ್ತು ಅಂತ ಹಾಸ್ಟೆಲ್ ಅಡುಗೆ ಮಾಡುವವರಿಗೆ ಹೇಳಬೇಕಾಗಿಲ್ಲ. ಈಗ ಆ ಬಕೆಟ್ ಹಗುರ. ಆಗಲ್ಲ ಅಂದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ವಾರಕ್ಕೆ ಎರಡು ಸಲ ಹಾಗಲಕಾಯಿ, ಒಂದು ಸಲಕ್ಕೆ ಮೂರು ಕೆಜಿ. ಆಗ ಕೆಜಿಗೆ 45 ರೂಪಾಯಿ ಆಸುಪಾಸು ಇತ್ತು. ಮೂರರಲ್ಲಿ ಎರಡು ಕೆಜಿಯಷ್ಟು ಬಕೆಟ್ಟಿಗೆ. ಅದರ ಜೊತೆ ಬೆಲ್ಲ, ಎಣ್ಣೆ, ಕಾಯಿತುರಿಯೂ ಹೋಗುತ್ತಿತ್ತು. ತಿಂಗಳಿಗೆ ಒಂದೂವರೆ ಸಾವಿರ ಸುಮ್ನೆ ಕೊಟ್ಟಿಗೆ ಪಾಲು. ದನಗಳೂ ಅದನ್ನು ಅಷ್ಟು ಇಷ್ಟಪಡಲಿಲ್ಲ ಅನ್ನೋದು ಬೇರೆ ವಿಷಯ.

ನಮ್ಮ ಅಡುಗೆ ಭಟ್ಟರದ್ದು ಒಂದೇ ಮಾತು. "ಹಸಿದ್ರೆ ತಿಂತಾರೆ ಬಿಡಿ ಅಮ್ಮ." ಹಸಿದರೂ ತಿನ್ನಲಿಲ್ಲ. ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಎದ್ದು ಹೋದರು. ಬೆಲ್ಲ ಜಾಸ್ತಿ ಮಾಡಿ ನೋಡಿದೆ. ಜೋನಿ ಬೆಲ್ಲ ಸುರಿದು ಸುರಿದು ಗೊಜ್ಜು ಪಾಯಸದ ಹಾಗಾಯಿತು. ಮಕ್ಕಳು ರಸ ನೆಕ್ಕಿ ಹೋಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟರು. ಹೋಳು ತಿಂದವರಿಗೆ ಚಿಕ್ಕಿ ಕೊಡುತ್ತೇನೆ ಅಂದೆ. ಎರಡು ವಾರ ತಿಂದರು. ಚಿಕ್ಕಿ ನಿಂತ ದಿನ ತಿನ್ನುವುದೂ ನಿಂತಿತು, ಮೊದಲಿಗಿಂತ ಮುಖ ಹೆಚ್ಚು ಸಿಂಡರಿಸಿದರು.

ಆಗಲೇ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಪಕ್ಕದ ಶಾಲೆಯ ಬಯಾಲಜಿ ಮೇಷ್ಟ್ರ ಹತ್ತಿರ ಪಿಟಿಸಿ ಪೇಪರ್ ಇತ್ತು, ಪಿಟಿಸಿ ಅನ್ನುವ ರಾಸಾಯನಿಕ ಹೀರಿಸಿದ ಕಾಗದ. ನಾಲಿಗೆ ಮೇಲೆ ಇಟ್ಟರೆ ಕೆಲವರಿಗೆ ವಿಪರೀತ ಕಹಿ, ಕೆಲವರಿಗೆ ಬರೀ ಕಾಗದ. 1931ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಲ್ಯಾಬಿನಲ್ಲಿ ಆರ್ಥರ್ ಫಾಕ್ಸ್ ಕೈಯಿಂದ ಈ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರು ಕಹಿ ಕಹಿ ಅಂದರು, ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಹಾಗೆ ಹೊರಬಿದ್ದ ವಿಷಯ ಇದು. ಕಹಿ ಗೊತ್ತಾಗುವ ಮಕ್ಕಳನ್ನು ಪೇಪರಿನಿಂದ ಗುರುತಿಸಿ, ಅವರಿಗೆ ಬೇರೆ ಗೊಜ್ಜು, ಉಳಿದವರಿಗೆ ಮಾಮೂಲಿ ಗೊಜ್ಜು ಮಾಡಿದರೆ ಆಯಿತು ಅಂತ ನನ್ನ ಲೆಕ್ಕ. ಮಕ್ಕಳ ಮನೆಯವರನ್ನು ಕೇಳಿ, ಒಪ್ಪಿಗೆ ತಗೊಂಡು, ಇನ್ನೊಂದು ಬಾಟಲಿ ಪೇಪರ್ ತರಿಸಿದೆ. ನಾನೂರು ರೂಪಾಯಿ ಚಿಲ್ಲರೆ.

ಲೆಕ್ಕ ಪೂರ್ತಿ ತಲೆಕೆಳಗಾಯಿತು. ಆರನೇ ಕ್ಲಾಸಿನ ಒಬ್ಬ ಹುಡುಗಿ ಪೇಪರ್ ಇಟ್ಟ ಕೂಡಲೇ ಉಗುಳಿ, ಓಡಿಹೋಗಿ ನಲ್ಲಿಗೆ ಬಾಯಿ ಹಿಡಿದಳು. ಆದರೆ ಹಾಗಲಕಾಯಿ ತಿನ್ನುವ ಆರೇಳು ಮಕ್ಕಳಲ್ಲಿ ಅವಳೂ ಒಬ್ಬಳು! ಇನ್ನೊಬ್ಬ ಹುಡುಗ ಪೇಪರನ್ನು ಅಗಿದು, "ಇದ್ರಲ್ಲಿ ಏನಿದೆ ಅಕ್ಕ, ನೋಟ್‌ಬುಕ್ ಹಾಳೆ ಥರ ಇದೆ" ಅಂದ. ಹಾಗಲಕಾಯಿ ಕಂಡರೆ ಕಣ್ಣಲ್ಲಿ ನೀರು ಹಾಕುವವನು ಅವನೇ.

ಮೇಷ್ಟ್ರಿಗೆ ಹೇಳಿದರೆ ನಕ್ಕರು. ಮನುಷ್ಯರಿಗೆ ಕಹಿ ಹಿಡಿಯುವ ರಿಸೆಪ್ಟರ್ ಒಂದಲ್ಲ, ಸುಮಾರು 25 ಬಗೆ ಇವೆ. ಪಿಟಿಸಿ ಪೇಪರ್ ಪರೀಕ್ಷೆ ಮಾಡುವುದು ಅದರಲ್ಲಿ ಒಂದನ್ನು ಮಾತ್ರ, TAS2R38 ಅನ್ನುವುದನ್ನು. ಅದರ ಜೀನ್ ಅಪ್ಪ ಅಮ್ಮನಿಂದ ಯಾವ ರೂಪದಲ್ಲಿ ಬಂದಿದೆ ಅನ್ನುವುದರ ಮೇಲೆ ಪೇಪರ್ ಕಹಿಯೋ ಸಪ್ಪೆಯೋ ಆಗುತ್ತದೆ. ಎಲೆಕೋಸು, ನವಿಲುಕೋಸು, ಮೂಲಂಗಿ ಜಾತಿಯ ತರಕಾರಿಯಲ್ಲಿ ಪಿಟಿಸಿಯನ್ನು ಹೋಲುವ ವಸ್ತುಗಳಿವೆ, ಅವನ್ನು ಈ ರಿಸೆಪ್ಟರ್ ಹಿಡಿಯುತ್ತದೆ. ಹಾಗಲಕಾಯಿಯ ಕಹಿ ಬೇರೆ ವಸ್ತುಗಳದ್ದು, ಅದನ್ನು ಹಿಡಿಯುವ ರಿಸೆಪ್ಟರೂ ಬೇರೆ. ನಾನು ಹೋಗಿ ನೋಡಿದೆ. ಪೇಪರ್ ಉಗುಳಿದ ಆ ಹುಡುಗಿ ಹಸಿ ಮೂಲಂಗಿ ಕೋಸಂಬರಿ ಯಾವತ್ತೂ ಮುಟ್ಟಿರಲಿಲ್ಲ, ನವಿಲುಕೋಸಿನ ಪಲ್ಯವನ್ನು ಗೆಳತಿಗೆ ದಾಟಿಸುತ್ತಿದ್ದಳು. ನನಗೆ ಇಷ್ಟು ದಿನ ಅದು ಹಟ ಅಂತ ಕಂಡಿತ್ತು. ಒಂದೆರಡು ಸಲ ಬೈದೂ ಇದ್ದೆ.

ಮೇಷ್ಟ್ರು ಹೇಳಿದ ಇನ್ನೊಂದು ಮಾತು ಭಟ್ಟರಿಗೆ ಮುಳ್ಳಿನ ಹಾಗೆ ಚುಚ್ಚಿತು. ಒಂದೇ ಬಗೆಯ ಜೀನ್ ಇದ್ದರೂ ಎಷ್ಟೋ ಸಲ ದೊಡ್ಡವರಿಗಿಂತ ಮಕ್ಕಳ ನಾಲಿಗೆ ಕಹಿಗೆ ಹೆಚ್ಚು ಚುರುಕು. 2005ರಲ್ಲಿ ಅಮೆರಿಕದಲ್ಲಿ ಮಕ್ಕಳನ್ನೂ ತಾಯಂದಿರನ್ನೂ ಒಟ್ಟಿಗೆ ಪರೀಕ್ಷಿಸಿದಾಗ ಇದು ಕಂಡಿತ್ತಂತೆ. ಅಂದರೆ ಐವತ್ತೆಂಟರ ಭಟ್ಟರು ಸೌಟಿನಿಂದ ಅಂಗೈಗೆ ಹಾಕಿಕೊಂಡು "ಕಹಿ ಹದವಾಗಿದೆ" ಅಂದರೆ ಆ ಹದ ಅವರದ್ದು. ಅವತ್ತಿನಿಂದ ರುಚಿ ನೋಡಲು ಇಬ್ಬರು ಮಕ್ಕಳನ್ನೇ ಕರೆಯುತ್ತೇನೆ. ಅದರಲ್ಲಿ ಒಬ್ಬ ಆ ಕಣ್ಣೀರಿನ ಹುಡುಗ. ಭಟ್ಟರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ, ಮುಚ್ಚಿಡುವುದಿಲ್ಲ. ನಾಲಿಗೆಗೆ ನೀಲಿ ಫುಡ್ ಕಲರ್ ಹಚ್ಚಿ, ಸಣ್ಣ ತೂತಿನ ಕಾಗದ ಇಟ್ಟು, ನೀಲಿ ಹಿಡಿಯದ ಗುಲಾಬಿ ಗುಳ್ಳೆಗಳನ್ನು ಭೂತಗನ್ನಡಿಯಲ್ಲಿ ಎಣಿಸುವುದು. ಗುಳ್ಳೆ ಜಾಸ್ತಿ ಇದ್ದರೆ ರುಚಿ ಜಾಸ್ತಿ ಗೊತ್ತಾಗುತ್ತದೆ ಅಂತ ಒಂದು ನಂಬಿಕೆ ಇದೆ. ನಮ್ಮಲ್ಲಿ ಎಣಿಕೆಗೂ ತಟ್ಟೆಗೂ ತಾಳೆಯಾಗಲಿಲ್ಲ. ದೊಡ್ಡ ಅಧ್ಯಯನಗಳಲ್ಲೂ ಆ ಸಂಬಂಧ ಗಟ್ಟಿಯಾಗಿ ನಿಂತಿಲ್ಲ. ಒಂಬತ್ತು ಮಕ್ಕಳು ನೀಲಿ ಹಲ್ಲು ಕಿಸಿದುಕೊಂಡು ಸಂಜೆ ಪ್ರಾರ್ಥನೆಗೆ ಹೋದರು. ವಾರ್ಡನ್ ಕೈಲಿ ಬೈಸಿಕೊಂಡವಳು ನಾನು.

ಕೆಲಸಕ್ಕೆ ಬಂದದ್ದು ನಾಲ್ಕು ಲೋಟ. ಹಾಗಲಕಾಯಿ ಹೋಳು ಕುದಿಸಿ, ಸೋಸಿ, ಅದೇ ನೀರನ್ನು ನಾಲ್ಕು ಲೋಟಕ್ಕೆ ಹಾಕಿದೆ. ಒಂದು ಹಾಗೇ, ಒಂದಕ್ಕೆ ಚಿಟಿಕೆ ಉಪ್ಪು, ಒಂದಕ್ಕೆ ಬೆಲ್ಲ, ಇನ್ನೊಂದಕ್ಕೆ ಎರಡೂ. ಲೋಟದ ತಳಕ್ಕೆ ನಂಬರ್ ಅಂಟಿಸಿ, ಒಂಬತ್ತು ಮಕ್ಕಳಿಗೆ ಒಂದೊಂದು ಚಮಚ ಕೊಟ್ಟೆ. ಬೆಲ್ಲದ್ದೇ ಗೆಲ್ಲುತ್ತದೆ ಅಂತ ಎಲ್ಲರ ಎಣಿಕೆ. ಐದಾರು ಮಕ್ಕಳು ಬೆಲ್ಲದ ಲೋಟಕ್ಕಿಂತ ಉಪ್ಪಿನ ಲೋಟ ಕಡಿಮೆ ಕಹಿ ಅಂದರು. ಎರಡೂ ಹಾಕಿದ್ದನ್ನು ಎಲ್ಲರೂ ಒಪ್ಪಿದರು, ಅದರಲ್ಲಿ ಬೆಲ್ಲ ಜಾಸ್ತಿ ಇದೆ ಅಂತಲೂ ಅಂದರು. ಬೆಲ್ಲ ಎರಡರಲ್ಲೂ ಅಷ್ಟೇ ಇತ್ತು! ಉಪ್ಪಿನ ಸೋಡಿಯಂ ಕಹಿಯನ್ನು ನಾಲಿಗೆಯಲ್ಲೇ ತಗ್ಗಿಸುತ್ತದೆ, ಕಹಿ ತಗ್ಗಿದಾಗ ಅದರಡಿ ಅಡಗಿದ್ದ ಸಿಹಿ ಮೇಲೆ ಬರುತ್ತದೆ. 1997ರಲ್ಲೇ ವಿಜ್ಞಾನಿಗಳು ಇದನ್ನು ತೋರಿಸಿದ್ದಾರೆ.

"ಗೊಜ್ಜಿಗೆ ಉಪ್ಪು ಹಾಕ್ತೀವಲ್ಲ ಅಮ್ಮ, ಹೊಸದೇನು?" ಅಂದರು ಭಟ್ಟರು. ಸರಿಯಾದ ಪ್ರಶ್ನೆ. ಹಿಂದಿನ ಸಲದ ಗೊಜ್ಜಿನಿಂದ ಒಂದು ಹೋಳು ತೆಗೆದು, ರಸ ತೊಳೆದು, ನಡುವೆ ಕಚ್ಚಿ ನೋಡಿದೆ. ಒಳಗೆ ಉಪ್ಪೇ ಇಲ್ಲ. ನಾವು ಮಾಡುತ್ತಿದ್ದದ್ದು ಇಷ್ಟು: ಹೋಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಹಿಂಡಿ, ಎರಡು ನೀರಲ್ಲಿ ತೊಳೆಯುವುದು. ಕಹಿ ಸ್ವಲ್ಪ ಹೋಗುತ್ತದೆ ನಿಜ, ಹೋಳಿನ ಉಪ್ಪೂ ಅದರ ಹಿಂದೆಯೇ ಹೋಗುತ್ತದೆ. ಕೊನೆಗೆ ಹಾಕಿದ ಉಪ್ಪು ರಸದಲ್ಲೇ ಉಳಿಯುತ್ತದೆ. ಮಗು ರಸ ನುಂಗಿದ ಮೇಲೆ ಹೋಳು ಅಗಿಯುತ್ತದೆ. ಆಗ ಹೊರಬರುವ ಕಹಿಗೆ ಜೊತೆಯಲ್ಲಿ ಉಪ್ಪಿಲ್ಲ. ಎರಡೂ ಒಂದೇ ಹೊತ್ತಿಗೆ ನಾಲಿಗೆ ಮೇಲೆ ಇರಬೇಕು.

ಹಾಗಾಗಿ ಈಗ ತೊಳೆಯುವುದು ಬಿಟ್ಟಿದ್ದೇವೆ. ಹೋಳನ್ನು ಮೊದಲಿಗಿಂತ ತೆಳ್ಳಗೆ, ಎರಡು ರೂಪಾಯಿ ನಾಣ್ಯದ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ, ಹೆಚ್ಚುತ್ತೇವೆ. ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು, ಹುಣಸೆ ರಸ ಹಾಕಿ ಅದರಲ್ಲೇ ಬೇಯಿಸುತ್ತೇವೆ. ಅರ್ಧ ನೀರು ಬಸಿಯುತ್ತೇವೆ. ಉಳಿದದ್ದಕ್ಕೆ ಬೆಲ್ಲ, ಹುರಿದು ರುಬ್ಬಿದ ಮಸಾಲೆ, ದಪ್ಪ ಕಾಯಿಹಾಲು. ಆಮೇಲೆ ಒಂದು ಹರಳು ಉಪ್ಪೂ ಇಲ್ಲ. ಹೋಳು ತೆಗೆದು ತೊಳೆದು ಕಚ್ಚಿ ನೋಡಿ, ನಡುವೆ ಉಪ್ಪು ಸಿಕ್ಕಿದರೆ ಆಯಿತು. ಅವತ್ತಿನ ಸಾರಿಗೆ ಉಪ್ಪು ಕಡಿಮೆ ಹಾಕುತ್ತೇವೆ, ಮಕ್ಕಳ ಹೊಟ್ಟೆಗೆ ಹೋಗುವ ಒಟ್ಟು ಉಪ್ಪು ಏರಬಾರದಲ್ವಾ? ಮೊದಲು ಎರಡು ಕೆಜಿ ಬೆಲ್ಲ ಹೋಗುತ್ತಿದ್ದ ಕಡೆ ಈಗ ಒಂದು ಕೆಜಿ ಸಾಕು. ಮಸಾಲೆ ಏನೇನು, ಕಾಯಿಹಾಲು ಯಾವಾಗ ಅನ್ನುವುದನ್ನು ಹೇಳುವುದಿಲ್ಲ. ಅದು ನನ್ನದೇ ಇರಲಿ.

ಇಷ್ಟರಿಂದಲೇ ತಿಂದರು ಅಂದರೆ ಸುಳ್ಳಾಗುತ್ತದೆ. ಮೊದಲ ದಿನ ಹನ್ನೆರಡು ಮಕ್ಕಳು ತಿಂದರು ಅಷ್ಟೆ. ಉಳಿದವರಿಗೆ ಪ್ರತಿ ಸಲ ತಟ್ಟೆಗೆ ಒಂದೇ ಹೋಳು. ಬೈಗುಳ ಇಲ್ಲ, ಚಿಕ್ಕಿ ಇಲ್ಲ, ಕಚ್ಚಿ ಬಿಟ್ಟರೂ ಕೇಳುವುದಿಲ್ಲ. ಮಕ್ಕಳು ಹೊಸ ರುಚಿ ಒಪ್ಪಲು ಹತ್ತು ಹನ್ನೆರಡು ಸಲ ಬೇಕಾಗುತ್ತದೆ, ನಾವು ಮೂರನೇ ಸಲಕ್ಕೇ ಕೈ ಬಿಡುತ್ತೇವೆ. ವಾರಕ್ಕೆ ಎರಡರಂತೆ ಏಳು ವಾರ ಹೋಯಿತು. ನಾಲ್ಕನೇ ವಾರ ಏನೂ ಆಗದೆ ವಾರ್ಡನ್ ನಿಲ್ಲಿಸಿ ಅಂದಿದ್ದರು. ಐದನೆಯದರಲ್ಲಿ ತಿರುಗಿತು. ಈಗ 38ರಲ್ಲಿ 29 ಮಕ್ಕಳು ತಿನ್ನುತ್ತಾರೆ. ಕಣ್ಣೀರಿನ ಹುಡುಗ ಎರಡು ಹೋಳಿನವರೆಗೆ ಬಂದಿದ್ದಾನೆ. ಐವರು ಮುಟ್ಟುವುದಿಲ್ಲ, ಅವರಿಗೆ ಬೇರೆ ಪಲ್ಯ ಇದೆ. ಬಕೆಟ್ಟಿಗೆ ಅರ್ಧ ಕೆಜಿ ಹೋದರೆ ಹೆಚ್ಚು.

ಒಂದು ಕಡೆ ಮಾತ್ರ ಈ ಉಪಾಯ ಮಾಡಬೇಡಿ. ಆಷಾಢದಲ್ಲಿ ಒಂದು ಸಲ ಸೋರೆಕಾಯಿ ಹುಳಿಗೆ ರುಚಿ ನೋಡುವ ಹುಡುಗ "ಅಕ್ಕ, ಕಹಿ" ಅಂದ. ಭಟ್ಟರಿಗೆ ಗೊತ್ತಾಗಲಿಲ್ಲ, ಉಪ್ಪು ಬೆಲ್ಲ ಹಾಕಿ ಸರಿಮಾಡೋಣ ಅಂದರು. ಹಸಿ ತುಂಡು ನಾಲಿಗೆಗೆ ತಾಗಿಸಿ ನೋಡಿದೆ, ಹೌದು, ಕಹಿ. ಸೋರೆಕಾಯಿ, ಸೌತೆಕಾಯಿ ಕಹಿಯಾದರೆ ಅದು ಕುಕರ್ಬಿಟಾಸಿನ್ ಅನ್ನುವ ವಿಷ. ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ಹಿಡಿಸಿ ಆಸ್ಪತ್ರೆಗೆ ಸೇರಿಸುತ್ತದೆ. ಕೊಳಗದ ತುಂಬ ಹುಳಿ ಗುಂಡಿಗೆ ಸುರಿಸಿದೆ. ಮುನ್ನೂರು ರೂಪಾಯಿ ಹೋಯಿತು, ಅವತ್ತು ಊಟಕ್ಕೆ ತಂಬುಳಿ. ಭಟ್ಟರು ಮಾರನೇ ದಿನದಿಂದ ತಾವೇ ಆ ಹುಡುಗನನ್ನು ಕೂಗಿ ಕರೆಯುತ್ತಾರೆ.

ಬಾಳೆಹೂವಿನ ಪಲ್ಯಕ್ಕೂ ಇದೇ ಉಪ್ಪು ನೀರು ಹಾಕಿ ಕೆಟ್ಟೆ. ಮಕ್ಕಳು ಅದನ್ನೂ ಕಹಿ ಅಂತಲೇ ಅನ್ನುವುದು, ಆದರೆ ಅದು ಒಗರು. ಒಗರಿಗೆ ಕಹಿಯ ರಿಸೆಪ್ಟರ್ ಬೇಕಿಲ್ಲ, ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಅದಕ್ಕೆ ನಮ್ಮ ಅಜ್ಜಿಯಂದಿರ ಹಾಗೆ ಮಜ್ಜಿಗೆಯಲ್ಲಿ ನೆನೆಸುವುದೇ ಸರಿ, ಮಜ್ಜಿಗೆಯ ಪ್ರೋಟೀನ್ ಮೊದಲೇ ಅದನ್ನು ಹಿಡಿದುಕೊಳ್ಳುತ್ತದೆ. ಮೆಂತೆ ಸೊಪ್ಪಿನ ಕಹಿಗೆ ಉಪ್ಪು ಅಷ್ಟಾಗಿ ಕೆಲಸ ಮಾಡುತ್ತಿಲ್ಲ, ಉಪ್ಪಿಗೆ ಎಲ್ಲ ಕಹಿಯೂ ಒಂದೇ ಸಮ ಬಗ್ಗುವುದಿಲ್ಲ. ಸದ್ಯ ಅದಕ್ಕೆ ನಾಲ್ಕು ಲೋಟ ತೊಳೆದು ಇಟ್ಟಿದ್ದೇನೆ. ನವಿಲುಕೋಸಿನ ಹುಡುಗಿ ಈ ಸಲ ನಂಬರ್ ತಾನು ಅಂಟಿಸುತ್ತೇನೆ ಅಂದಿದ್ದಾಳೆ.