ಮಿನಿಮಮ್ ಕಟ್ಟಿದರೂ ಕಾರ್ಡ್ ಸಾಲ ಇಳಿಯದಿದ್ದಾಗ

ತುಮಕೂರಿನ ನಮ್ಮ ಅಂಗಡಿಯ ಕ್ರೆಡಿಟ್ ಕಾರ್ಡ್‌ನಲ್ಲಿ 40,000 ರೂಪಾಯಿ ಬಾಕಿ ಇತ್ತು. ಆರು ತಿಂಗಳು ಮಿನಿಮಮ್ ಶೇ. 5 ಮಾತ್ರ ಕಟ್ಟಿದೆ, ಸಾಲ ಕರಗಲೇ ಇಲ್ಲ. ಬಾಕಿಯನ್ನು ಸುಮ್ನೆ ತಿಂಗಳ ಬಡ್ಡಿ ದರ ಶೇ. 3.5ರಿಂದ ಗುಣಿಸಿದರೆ 1,400 ಬರುತ್ತಿತ್ತು. ಸ್ಟೇಟ್‌ಮೆಂಟ್‌ನಲ್ಲಿ ಬೇರೆಯೇ ಅಂಕಿ.

ಬಡ್ಡಿ ದಿನದ ಲೆಕ್ಕದ್ದು. ಶೀಟ್‌ನಲ್ಲಿ ಬಾಕಿ ಬದಲಾದಾಗಲೆಲ್ಲ ಹೊಸ ಸಾಲು ಮಾಡಿದೆ. A ಬಾಕಿ, B ಅದು ಇದ್ದ ದಿನಗಳು, C ಬಡ್ಡಿ:

```
=A2*B2*0.42/365
```

0.42 ಅಂದರೆ ಶೇ. 3.5ರ ಹನ್ನೆರಡು ಪಟ್ಟು, ವರ್ಷದ ದರ.

ಮೊದಲ ತಿಂಗಳು 40,000 ಹದಿನೆಂಟು ದಿನ, 2,000 ಕಟ್ಟಿದ ಮೇಲೆ 38,000 ಹನ್ನೆರಡು ದಿನ. ಬಡ್ಡಿ 1,353, ಅದರ ಮೇಲೆ ಶೇ. 18 ಜಿಎಸ್‌ಟಿ 244. ಸ್ಟೇಟ್‌ಮೆಂಟ್‌ಗೆ ಸರಿಹೊಂದಿತು. ಕಟ್ಟಿದ 2,000ದಲ್ಲಿ ಸಾಲಕ್ಕೆ ಹೋಗಿದ್ದು ಬರೀ 403!

ಆರು ತಿಂಗಳಲ್ಲಿ ಕಟ್ಟಿದ್ದು 11,698, ಇಳಿದಿದ್ದು 2,357.

ಏಳನೇ ತಿಂಗಳು ಲೆಕ್ಕ ಮತ್ತೆ ತಪ್ಪಿತು. ಹಳೇ ಬಾಕಿ ಇದ್ದರೆ ಹೊಸ ಖರೀದಿಗೆ ಬಡ್ಡಿಯಿಲ್ಲದ ಅವಧಿ ಸಿಗಲ್ಲ. 3,000ದ ದಿನಸಿಗೆ ಕೊಂಡ ದಿನದಿಂದಲೇ ಸಾಲು ಹಾಕಿದೆ: 25 ದಿನಕ್ಕೆ 86 ರೂಪಾಯಿ. ಆಗ ತಾಳೆಯಾಯಿತು.