ಮೂರೇ ಸಾಮಗ್ರಿಯ ಜುಣಕ: ಎಂಟರಿಂದ ನಾಲ್ಕಕ್ಕೆ ಬಿದ್ದು ಆರೂವರೆಗೆ ಹತ್ತಿದ ಕಥೆ

ವಿಜಯಪುರದ ಆಶ್ರಮ ರಸ್ತೆಯ ಕಡೆ ಒಂದು ಕೋಣೆಯಲ್ಲಿ ನಾವು ಮೂವರಿದ್ದೇವೆ. ಇಬ್ಬರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾರೆ. ನಾನು ಹಗಲು ಲೆಕ್ಕಪತ್ರ ಬರೆಯುತ್ತೇನೆ, ರಾತ್ರಿ ಒಂದೊಂದು ನಿಮಿಷದ ಅಡುಗೆ ವಿಡಿಯೊ ಮಾಡುತ್ತೇನೆ. ಒಂಟಿ ಹುಡುಗರಿಗಾಗಿ ಮೂರು ಸಾಮಗ್ರಿಯ ಅಡುಗೆ, ಕೊನೆಗೆ ಹತ್ತಕ್ಕೆ ಎಷ್ಟು ಎಂಬ ಅಂಕ. ಉಪ್ಪು, ನೀರು, ಎಣ್ಣೆ ಮೂರರ ಎಣಿಕೆಯಲ್ಲಿಲ್ಲ. ಆದರೆ ಖರ್ಚಿನ ಲೆಕ್ಕದಲ್ಲಿ ಎಣ್ಣೆಯೂ ಇರುತ್ತದೆ. ಎಣ್ಣೆಯನ್ನು ಪುಕ್ಕಟೆ ಎಂದು ತೋರಿಸಿ ‘ಹತ್ತು ರೂಪಾಯಿಯ ಊಟ’ ಎನ್ನುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು.

‘ನಿನ್ನ ಅಡುಗೆಗೆ ನೀನೇ ನಾಲ್ಕು ಅಂಕ ಕೊಟ್ಟರೆ ಯಾರು ನೋಡುತ್ತಾರೆ?’ ಎಂದು ಕೋಣೆಯ ಗೆಳೆಯರಿಬ್ಬರೂ ಕೇಳಿದ್ದರು. ನನಗಿಂತ ಮೊದಲೇ ಈ ಕೆಲಸಕ್ಕೆ ಇಳಿದ ಒಬ್ಬ ಅಣ್ಣನಂತೂ, ‘ಮೊದಲ ತುತ್ತಿಗೆ ಕಣ್ಣು ಮುಚ್ಚಿ ತಲೆ ಆಡಿಸು, ಅಷ್ಟೇ ಸಾಕು’ ಎಂದು ಬುದ್ಧಿ ಹೇಳಿದ. ಈಗ ಅರವತ್ತರ ಹತ್ತಿರ ಕಂತುಗಳಾಗಿವೆ. ಹೆಚ್ಚು ಜನ ಕೊನೆಯ ಸೆಕೆಂಡಿನವರೆಗೆ ನೋಡಿದ ಮೊದಲ ಐದರಲ್ಲಿ ಮೂರು ಕಂತುಗಳು ಐದಕ್ಕಿಂತ ಕಡಿಮೆ ಅಂಕದವು. ಆ ಅಣ್ಣ ಈಗ ತಾನೂ ಅಂಕ ಕೊಡುತ್ತಾನೆ, ಎಲ್ಲದಕ್ಕೂ ಒಂಬತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಂಕ ಕೊಡುವ ನನ್ನ ಪದ್ಧತಿ ಕೈಗೆ ಹತ್ತಿದ್ದು ಜುಣಕದ ಕಂತಿನಲ್ಲಿ. ಅದನ್ನು ಮೂರು ಸಲ ಮಾಡಬೇಕಾಯಿತು.

ಮೊದಲ ಸಲ ಕಡಲೆ ಹಿಟ್ಟು, ಉಳ್ಳಾಗಡ್ಡಿ, ಮಸಾಲೆ ಖಾರ. ನಮ್ಮ ಕಡೆಯವನಿಗೆ ಇದರಲ್ಲಿ ಕಲಿಯುವುದು ಏನೂ ಇಲ್ಲ. ಉಳ್ಳಾಗಡ್ಡಿ ಬಾಡಿಸಿ, ಖಾರ ಹಾಕಿ, ಹಿಟ್ಟು ಕಲಸಿದ ನೀರು ಸುರಿದು ತಿರುವಿದೆ, ಮುಚ್ಚಿದೆ. ರೊಟ್ಟಿಯ ಜೊತೆ ಮೂವರೂ ಬಾಣಲೆ ಒರೆಸಿ ತಿಂದೆವು. ಎಂಟು ಅಂಕ ಕೊಟ್ಟೆ. ಮೂರನೆಯ ದಿನದಿಂದ ದೂರು ಶುರುವಾಯಿತು. ದಾವಣಗೆರೆ ಕಡೆಯ ಒಬ್ಬ ಹುಡುಗ, ‘ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ, ಗೋಡೆಗೆ ಹಚ್ಚುವ ಸುಣ್ಣದ ಹಾಗೆ ಆಗಿದೆ’ ಎಂದು ಬರೆದಿದ್ದ. ಯಾವ ಖಾರ ಹಾಕಿದೆ ಎಂದು ಕೇಳಿದೆ. ಅಂಗಡಿಯ ಹತ್ತು ರೂಪಾಯಿಯ ಪೊಟ್ಟಣ ಎಂದ.

ತಪ್ಪು ನನ್ನದೇ. ನಾನು ಹಾಕಿದ ಖಾರ ಸಿಂದಗಿ ಕಡೆಯ ನಮ್ಮೂರಿಂದ ಅವ್ವ ಡಬ್ಬಿಯಲ್ಲಿ ಕಟ್ಟಿ ಕಳಿಸಿದ್ದು. ಅದರಲ್ಲಿ ಮೆಣಸಿನಕಾಯಿ ಒಂದೇ ಅಲ್ಲ, ಕೊತ್ತಂಬರಿ ಬೀಜ, ಜೀರಿಗೆ, ಒಣ ಕೊಬ್ಬರಿ, ಬೆಳ್ಳುಳ್ಳಿ, ಲವಂಗ, ಚಕ್ಕೆ ಎಲ್ಲವೂ ಹುರಿದು ಕುಟ್ಟಿದವು. ಮೂರು ಸಾಮಗ್ರಿ ಎಂದು ಹೇಳಿ ಹದಿನೈದು ಸಾಮಗ್ರಿಯನ್ನು ಒಂದು ಚಮಚದಲ್ಲಿ ಒಳಗೆ ನುಗ್ಗಿಸಿದ್ದೆ. ನೋಡುವವನ ಕೋಣೆಯಲ್ಲಿ ಆ ಡಬ್ಬಿ ಇರುವುದಿಲ್ಲ.

ಆ ಕಂತನ್ನು ತೆಗೆಯಲಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಗೆ ಹೋಗಿ ಬರೀ ಮೆಣಸಿನಕಾಯಿಯ ಪುಡಿ ತಂದು, ಎರಡನೆಯ ಸಲ ಮಾಡಿದೆ. ಅದು ಸುಡುವ ಜಾತಿಯ ಖಾರ, ಬ್ಯಾಡಗಿಯದಲ್ಲ. ಬಣ್ಣವಿಲ್ಲ, ಉರಿ ಮಾತ್ರ. ಸಾಲದ್ದಕ್ಕೆ ಹೊತ್ತು ಉಳಿಸುತ್ತೇನೆಂದು ಕುದಿಯುವ ನೀರಿಗೆ ಒಣ ಹಿಟ್ಟನ್ನೇ ಉದುರಿಸಿದೆ. ಹಿಟ್ಟಿನ ಹೊರಗಿನ ಪದರ ಕುದಿ ನೀರು ತಾಗಿದ ಕೂಡಲೇ ಬೆಂದು ಅಂಟಾಗುತ್ತದೆ, ಒಳಗಿನ ಹಿಟ್ಟಿಗೆ ನೀರು ಹೋಗುವ ದಾರಿಯೇ ಮುಚ್ಚುತ್ತದೆ. ಗಂಟುಗಳು ನೆಲ್ಲಿಕಾಯಿ ಗಾತ್ರದವು. ಒಂದನ್ನು ಕ್ಯಾಮೆರಾದ ಮುಂದೆ ಒಡೆದೆ, ಒಳಗಿನಿಂದ ಒಣ ಹಿಟ್ಟು ಹೊಗೆಯಂತೆ ಉದುರಿತು. ನಾಲ್ಕು ಅಂಕ. ಇಡೀ ಸರಣಿಯಲ್ಲಿ ಅತಿ ಹೆಚ್ಚು ಜನ ನೋಡಿದ ದೃಶ್ಯ ಆ ಗಂಟು ಒಡೆದದ್ದೇ.

ಅವ್ವನಿಗೆ ಫೋನ್ ಮಾಡಿದೆ. ‘ಖಾರದಲ್ಲಿ ಹುರಿದ ವಾಸನೆ ಇಲ್ಲ ಎಂದಮೇಲೆ ಹಿಟ್ಟನ್ನಾದರೂ ಹುರಿಯಬೇಡವೇನೋ?’ ಎಂದಳು. ನಾಲ್ಕು ತಿಂಗಳ ನನ್ನ ಗೊಂದಲ ಅವಳಿಗೆ ಅರ್ಧ ನಿಮಿಷದ ಮಾತು.

ಮೂರನೆಯ ಸಲ ಹೀಗೆ ಮಾಡಿದೆ. ಕೋಣೆಯಲ್ಲಿ ಅಳತೆಯ ಬಟ್ಟಲು ಯಾರ ಬಳಿಯೂ ಇರುವುದಿಲ್ಲ, ಆದ್ದರಿಂದ ನನ್ನ ಅಳತೆ ಚಹಾದ ಸಣ್ಣ ಲೋಟ. ಎರಡು ಲೋಟ ಕಡಲೆ ಹಿಟ್ಟು, ಅಂದರೆ ನೂರು ಗ್ರಾಂ ಆಸುಪಾಸು. ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈ ಬಿಡದೆ ಹುರಿದೆ. ಹಸಿ ವಾಸನೆ ಹೋಗಿ ಹುರಿಗಡಲೆಯ ಘಮ ಬಂದು, ಬಣ್ಣ ಗೋಧಿಯ ಕಡೆ ತಿರುಗಿದ ಕೂಡಲೇ ತಟ್ಟೆಗೆ ಸುರಿದೆ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಅದರ ಕಾವಿಗೆ ಹಿಟ್ಟು ಕಪ್ಪಾಗಿ ಕಹಿಯಾಗುತ್ತದೆ. ಹಿಟ್ಟು ಪೂರ್ತಿ ಆರಿದ ಮೇಲೆ ತಣ್ಣೀರು ಐದು ಲೋಟ, ಮೊದಲು ಒಂದು ಲೋಟ ಹಾಕಿ ಗಟ್ಟಿಯಾಗಿ ಕಲಸಿಕೊಂಡು, ಆಮೇಲೆ ಉಳಿದದ್ದು. ಹೀಗೆ ಮಾಡಿದರೆ ಗಂಟು ಬೇಕೆಂದರೂ ಆಗುವುದಿಲ್ಲ.

ಎರಡು ಉಳ್ಳಾಗಡ್ಡಿಯನ್ನು ನಾಲ್ಕು ಚಮಚ ಎಣ್ಣೆಯಲ್ಲಿ ಬರೀ ಬಾಡಿಸಲಿಲ್ಲ, ಅಂಚು ಕಂದಾಗುವವರೆಗೆ ಬಿಟ್ಟೆ. ಮಸಾಲೆ ಇಲ್ಲದ ಕೊರತೆಯನ್ನು ಆ ಕಂದು ಅಂಚು ಅರ್ಧ ತುಂಬುತ್ತದೆ. ಉರಿ ಇಳಿಸಿ ಖಾರ ಒಂದು ಚಮಚ, ಹತ್ತು ಎಣಿಸುವಷ್ಟರಲ್ಲಿ ಹಿಟ್ಟಿನ ನೀರು. ತಡವಾದರೆ ಖಾರ ಸುಟ್ಟು ಮೂವರೂ ಕೆಮ್ಮುತ್ತಾರೆ, ಧ್ವನಿಮುದ್ರಣ ಹಾಳು. ಗಟ್ಟಿಯಾಗುವವರೆಗೆ ತಿರುವಿ, ಮುಚ್ಚಿ, ಸಣ್ಣ ಉರಿಯಲ್ಲಿ ಆರೇಳು ನಿಮಿಷ. ಬಾಣಲೆಯ ಅಂಚು ಬಿಟ್ಟು ಬರಬೇಕು, ಬದಿಯಲ್ಲಿ ಎಣ್ಣೆ ಮಿನುಗಬೇಕು. ಸಂಶಯವಿದ್ದರೆ ಸ್ವಲ್ಪ ತೆಗೆದು ಅಂಗುಳಕ್ಕೆ ಒತ್ತಿ ನೋಡಿ, ಹಿಟ್ಟುಹಿಟ್ಟಾಗಿ ಅಂಟಿಕೊಂಡರೆ ಇನ್ನೂ ಹಸಿ. ಕಲಸುವ ನೀರಿಗೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದು ನಾಲ್ಕನೆಯ ಸಾಮಗ್ರಿಯಲ್ಲ, ಆದರೆ ಸದ್ಯಕ್ಕೆ ಹೇಳುವುದೂ ಇಲ್ಲ.

ಆರೂವರೆ ಅಂಕ ಬಂತು. ಖರ್ಚು ನೆನಪಿನ ಮೇಲೆ ಹೇಳುವುದಾದರೆ ಹಿಟ್ಟು ಹತ್ತು ಹನ್ನೊಂದು ರೂಪಾಯಿ, ಉಳ್ಳಾಗಡ್ಡಿ ಆರು, ಎಣ್ಣೆ ಆರೇಳು, ಖಾರ ಎರಡು ಮೂರು. ಪಕ್ಕದ ಓಣಿಯ ಅಕ್ಕನ ಬಳಿ ರೊಟ್ಟಿ ನಾಲ್ಕಕ್ಕೆ ಮೂವತ್ತೆರಡು. ಇಬ್ಬರ ಊಟ ಅರವತ್ತರೊಳಗೆ, ಗ್ಯಾಸಿನದು ಬೇರೆ. ಖಾನಾವಳಿಯಲ್ಲಿ ಒಬ್ಬನಿಗೇ ಎಪ್ಪತ್ತು ಎಂಬತ್ತು ಆಗುತ್ತದೆ. ಅಡುಗೆಗಿಂತ ರೊಟ್ಟಿಗೇ ಹೆಚ್ಚು ಹೋಗುತ್ತದೆ ಎಂಬುದನ್ನು ವಿಡಿಯೊದಲ್ಲೂ ಹೇಳಿದ್ದೇನೆ.

ಇನ್ನು ಬರವಣಿಗೆಯ ವಿಷಯ. ಮೊದಲೆಲ್ಲ ತೀರ್ಪನ್ನೂ ಸೇರಿಸಿ ಪೂರ್ತಿ ಬರೆದುಕೊಂಡು ಒಲೆ ಹಚ್ಚುತ್ತಿದ್ದೆ. ಬರೆದಿಟ್ಟ ‘ಆಹಾ’ವನ್ನು ಬಾಯಿಗೆ ತಂದುಕೊಳ್ಳಲು ಮುಖ ಒಪ್ಪುತ್ತಿರಲಿಲ್ಲ, ಅದು ನೋಡುವವರಿಗೂ ಗೊತ್ತಾಗುತ್ತಿತ್ತು. ಜುಣಕದ ನಂತರ ಕ್ರಮ ತಿರುಗಿಸಿದೆ. ಹಿಂದಿನ ರಾತ್ರಿ ಕ್ಯಾಮೆರಾ ಇಲ್ಲದೆ ಮಾಡಿ ತಿನ್ನುತ್ತೇವೆ. ಅಂಕ ನಾನು ಹಾಕುವುದಿಲ್ಲ. ಓದುವ ಗೆಳೆಯರಿಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಬರೆಯುತ್ತಾರೆ, ಎರಡರ ಸರಾಸರಿ ತೆಗೆಯುತ್ತೇನೆ. ಎರಡು ತಾಸು ಬಿಟ್ಟು ತಣ್ಣಗಾದದ್ದನ್ನು ಮತ್ತೊಮ್ಮೆ ತಿನ್ನಿಸುತ್ತೇನೆ, ಏಕೆಂದರೆ ನಮ್ಮಂಥವರು ರಾತ್ರಿಯದನ್ನೇ ಬೆಳಿಗ್ಗೆಗೆ ಇಡುವವರು. ಆಮೇಲೆ ತೀರ್ಪು ಮೊದಲು ಬರೆದು, ಅಡುಗೆಯ ಹಂತಗಳನ್ನು ಅದರ ಹಿಂದಕ್ಕೆ ಜೋಡಿಸುತ್ತೇನೆ. ‘ಕಹಿ’ ಎಂದು ತೀರ್ಪಿನಲ್ಲಿದ್ದರೆ, ಕಹಿ ಹುಟ್ಟಿದ ಹಂತ ವಿಡಿಯೊದಲ್ಲಿ ಕಾಣಲೇಬೇಕು.

ಹಾಳೆಯಲ್ಲಿ ಎರಡು ಭಾಗ, ಎಡಕ್ಕೆ ಕೈ ಮಾಡುವುದು, ಬಲಕ್ಕೆ ಬಾಯಿ ಹೇಳುವುದು. ಕೈ ಮಾಡುತ್ತಿರುವುದನ್ನೇ ಬಾಯಿ ಹೇಳಿದರೆ ಆ ಸಾಲು ಹೊಡೆದುಹಾಕುತ್ತೇನೆ. ಹಿಟ್ಟು ಹುರಿಯುವ ಚಿತ್ರಕ್ಕೆ ‘ಹಿಟ್ಟು ಹುರಿಯಿರಿ’ ಎಂಬ ಮಾತು ಬೇಡ, ‘ಹುರಿಗಡಲೆಯ ವಾಸನೆ ಬಂದರೆ ನಿಲ್ಲಿಸಿ’ ಎಂಬುದು ಬೇಕು. ಒಂದು ನಿಮಿಷಕ್ಕೆ ತೊಂಬತ್ತು ಪದ ದಾಟಿದರೆ ನನ್ನ ನಾಲಿಗೆ ತೊಡರುತ್ತದೆ. ಒಗ್ಗರಣೆಯ ಸದ್ದಿಗೆ ಮೂರು ಸೆಕೆಂಡು, ಮೊದಲ ತುತ್ತಿಗೆ ನಾಲ್ಕು ಸೆಕೆಂಡು ಮೌನ ಬಿಡುತ್ತೇನೆ. ಜುಣಕದ ತೀರ್ಪು ಹೀಗಿತ್ತು: ‘ಬಿಸಿ ಇದ್ದಾಗ ಆರೂವರೆ. ನಾಲಿಗೆಗೆ ಖಾರವಿದೆ, ಮೂಗಿಗೆ ಮಸಾಲೆ ಇಲ್ಲ. ತಣ್ಣಗಾದರೆ ಇಟ್ಟಿಗೆ, ಎರಡು ಚಮಚ ಬಿಸಿನೀರು ಹಾಕಿ ಕೆದಕಿದರೆ ಐದು.’

ಸಾಮಾನಿಗೆ ಹಾಕಿದ ಹಣದಲ್ಲಿ ಅರ್ಧ ದಂಡ. ಮುನ್ನೂರು ರೂಪಾಯಿಯ ಮೊಬೈಲ್ ಸ್ಟ್ಯಾಂಡ್ ಬಾಣಲೆಗೇ ಬಾಗಿತು. ಎಂಟುನೂರರ ರಿಂಗ್ ಲೈಟ್ ಕೊಂಡ ಮೇಲೆ ತಿಳಿಯಿತು, ಚಿತ್ರದಲ್ಲಿ ಓಡುತ್ತಿದ್ದ ಕಪ್ಪು ಪಟ್ಟಿಗಳಿಗೆ ಕಾರಣ ಕೋಣೆಯ ಟ್ಯೂಬ್‌ಲೈಟ್ ಎಂದು. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿ ಮಾಯ. ಅದಕ್ಕೆ ದುಡ್ಡು ಬೇಕಿರಲಿಲ್ಲ. ಕಡಲೆ ಹಿಟ್ಟಿನಂಥ ಹಳದಿ ಪದಾರ್ಥ ಪರದೆ ತುಂಬಿದಾಗ ಮೊಬೈಲ್ ತಾನಾಗಿ ಬಣ್ಣ ಸರಿಪಡಿಸಲು ಹೋಗಿ ಎಲ್ಲವನ್ನೂ ನೀಲಿಗೆ ತಿರುಗಿಸುತ್ತದೆ, ಜುಣಕ ಬೂದು ಬಣ್ಣಕ್ಕೆ ಬರುತ್ತದೆ. ಬಿಳಿ ತಟ್ಟೆ ತೋರಿಸಿ ವೈಟ್ ಬ್ಯಾಲೆನ್ಸ್ ಕಟ್ಟಿಹಾಕಿ, ಆಮೇಲೆ ಹಿಟ್ಟು ತನ್ನಿ. ಹಬೆ ಲೆನ್ಸಿಗೆ ಕೂರದಂತೆ ನಾನು ಮಾಡುವುದು ಮಾತ್ರ ನನ್ನಲ್ಲೇ ಇರಲಿ, ಹನ್ನೆರಡು ಕಂತು ಹಾಳು ಮಾಡಿ ಕಲಿತದ್ದು.

ನಡುವೆ ಒಲೆ ಇಡಲು ಬಿಡದ ಕೋಣೆಯವರಿಗಾಗಿ ವಿದ್ಯುತ್ ಕೆಟಲ್‌ನಲ್ಲಿ ಉಪ್ಪಿಟ್ಟು ಮಾಡಲು ಹೋದೆ. ಕೆಟಲ್ ತಾನಾಗಿ ಆರುವುದು ಹಬೆ ಒಳಗಿನ ಲೋಹದ ಪಟ್ಟಿಗೆ ತಾಗಿ ಅದು ಬಾಗಿದಾಗ. ತಿರುವಲು ಮುಚ್ಚಳ ತೆರೆದಿಟ್ಟರೆ ಹಬೆ ಹೊರಗೆ ಹೋಗುತ್ತದೆ, ಕೆಟಲ್ ಆರುವುದೇ ಇಲ್ಲ. ರವೆ ತಳ ಹಿಡಿದು ಸುಟ್ಟಿತು, ಆರುನೂರು ರೂಪಾಯಿ ಹೋಯಿತು. ಒಂದೂವರೆ ಅಂಕ, ಅದೂ ಒಬ್ಬ ಗೆಳೆಯನ ಕರುಣೆಯಿಂದ. ಶೇಂಗಾ, ಟೊಮೆಟೊ, ಹಸಿಮೆಣಸಿನಕಾಯಿ ಕುಟ್ಟಿದ ಚಟ್ನಿಗೆ ಏಳೂವರೆ ಬಂದಿದೆ, ಅವ್ವನ ಡಬ್ಬಿಯ ಎಂಟನ್ನು ಬಿಟ್ಟರೆ ಈವರೆಗಿನ ದಾಖಲೆ. ಆದರೆ ಕುಟ್ಟಲು ಕಲ್ಲು ಬೇಕು, ಕಲ್ಲು ಯಾವ ಕೋಣೆಯಲ್ಲಿದೆ? ಸ್ಟೀಲ್ ಲೋಟದ ತಳದಿಂದ ಕುಟ್ಟಿ ನೋಡಿದೆ, ಆರಕ್ಕೆ ಇಳಿಯಿತು.

ಮೊದಲ ಜುಣಕದ ಕಂತಿನ ಮೇಲೆ ಈಗ, ‘ಈ ಎಂಟು ಅಂಕ ನಮ್ಮ ಅವ್ವನ ಡಬ್ಬಿಯದು’ ಎಂದು ಬರೆದು ಅಂಟಿಸಿದ್ದೇನೆ. ದಾವಣಗೆರೆಯ ಹುಡುಗ ಮೂರನೆಯ ವಿಧಾನದಲ್ಲಿ ಮಾಡಿ ಚಿತ್ರ ಕಳಿಸಿದ. ಅವನ ಕೋಣೆಯಲ್ಲಿ ಅದಕ್ಕೆ ಏಳು ಬಿತ್ತಂತೆ. ನಾನು ನಂಬಲಿಲ್ಲ, ತಣ್ಣಗಾದ ಮೇಲೆ ಎಷ್ಟು ಎಂದು ಕೇಳಿದ್ದೇನೆ.