ಎಂಆರ್‌ಐ ಬರುವ ಮೊದಲೇ ಸಿಕ್ಕಿದ ತೊಡಕು

ಕಾರವಾರದ ಒಂದು ಆಸ್ಪತ್ರೆಯ ವಿಸ್ತರಣೆಯಲ್ಲಿ ಕಟ್ಟಡ, ವಿದ್ಯುತ್, ಯಂತ್ರ ಖರೀದಿ ಅಂತ ಮೂರು ಪ್ರಾಜೆಕ್ಟ್ ಇದ್ದವು. ಮೂರೂ ವರದಿಯಲ್ಲಿ ಹಸಿರು, ಅಂದರೆ ಎಲ್ಲ ಸರಿಯಾಗಿದೆ ಅಂತ. ಒಟ್ಟು ಪ್ರೋಗ್ರಾಂ ನೋಡುತ್ತಿದ್ದ ನಾನೂ ಸುಮ್ನೆ ನಂಬಿದ್ದೆ.

ಏಪ್ರಿಲ್‌ನಲ್ಲಿ ಮೂರೂ ಪ್ರಾಜೆಕ್ಟಿನವರನ್ನು ಒಟ್ಟಿಗೆ ಕೂರಿಸಿ, ಯಾರು ಯಾರಿಗೆ ಏನನ್ನು ಯಾವತ್ತು ಕೊಡಬೇಕು ಅಂತ ಒಂದೇ ಹಾಳೆಯಲ್ಲಿ ಬರೆಸಿದಾಗ ಬಣ್ಣ ಬಯಲಾಯಿತು. ಎಂಆರ್‌ಐ ಮ್ಯಾಗ್ನೆಟ್ ಮೇ 20ಕ್ಕೆ ಬರುತ್ತದೆ. ಅದರೊಳಗಿನ ದ್ರವ ಹೀಲಿಯಂ ಆವಿಯಾಗದಿರಲು ಬಂದ ದಿನದಿಂದಲೇ ತಂಪು ಮಾಡುವ ಯಂತ್ರ, ಅಂದರೆ ಚಿಲ್ಲರ್, ಹಗಲೂ ರಾತ್ರಿ ಓಡಬೇಕು. ಅದಕ್ಕೆ ವಿದ್ಯುತ್ ಕೊಡಬೇಕಾದ ಹೊಸ ಟ್ರಾನ್ಸ್‌ಫಾರ್ಮರ್ ಬರುವುದು ಜುಲೈಗೆ! ವಿದ್ಯುತ್‌ನವರ ಪಟ್ಟಿಯಲ್ಲಿ ಇದು ಸಣ್ಣ ರಿಸ್ಕ್, ಅವರ ಲೆಕ್ಕಕ್ಕೆ ಸರಿಯೇ, ಅಲ್ವಾ?

ಮ್ಯಾಗ್ನೆಟ್ಟನ್ನೇ ಜುಲೈಗೆ ತಳ್ಳೋಣ ಅಂದರು. ಆದರೆ ಅದು ಒಳಗೆ ಹೋಗಲು ಗೋಡೆಯಲ್ಲಿ ಬಿಟ್ಟ ಕಿಂಡಿ ನಮ್ಮ ಮಳೆಗಾಲಕ್ಕೆ ತೆರೆದಿರಬೇಕಾಗುತ್ತಿತ್ತು, ಪಕ್ಕದ ಕೋಣೆಯ ಫಾಲ್ಸ್ ಸೀಲಿಂಗ್ ಆಗಲೇ ಮುಗಿದಿತ್ತು, ಮೇಲಾಗಿ ಲಾರಿ ಆ ಮಳೆಯಲ್ಲೇ ಅರಬೈಲ್ ಘಟ್ಟ ಇಳಿದು ಬರಬೇಕು.

ಹಾಗಾಗಿ ತಾರೀಕು ಬದಲಿಸದೆ, ಚಿಲ್ಲರ್‌ಗೆ ಮಾತ್ರ ಎರಡು ಜನರೇಟರ್ ಬಾಡಿಗೆಗೆ ತಂದೆವು, ಒಂದು ಓಡಲು, ಅದು ಕೈಕೊಟ್ಟರೆ ಇನ್ನೊಂದು ಅಂತ. ಡೀಸೆಲ್ ಖರ್ಚು ಯಾವ ಪ್ರಾಜೆಕ್ಟಿನದು ಅಂತ ಜಗಳ ಶುರುವಾಯಿತು. ಪ್ರೋಗ್ರಾಂನ ಮೀಸಲು ಹಣದಿಂದ ಕೊಟ್ಟೆ, ರಿಸ್ಕನ್ನೂ ನನ್ನ ಹೆಸರಿಗೇ ಬರೆದುಕೊಂಡೆ. ಮೇ 27ಕ್ಕೆ ಗೋಡೆ ಮುಚ್ಚಿತು.